ಒಟ್ಟು ಓವರ್‌ಹೆಡ್ ಅಷ್ಟೇ ಇದ್ದರೂ ಎಬಿಸಿಯಲ್ಲಿ ಒಂದರ ಕಾಸ್ಟ್ ಯಾಕೆ ಹಾರುತ್ತೆ?

ಪ್ರಶ್ನೆ: ಸರ್, ಸಿಎ ಇಂಟರ್ ಓದ್ತಿದೀನಿ. ಹಳೇ ಪದ್ಧತಿ ಮತ್ತು ಎಬಿಸಿ, ಅಂದ್ರೆ ಆಕ್ಟಿವಿಟಿ ಬೇಸ್ಡ್ ಕಾಸ್ಟಿಂಗ್, ಎರಡರಲ್ಲೂ ಕಾಸ್ಟ್ ಹಾಕಿ ಹೋಲಿಸಿ ಅನ್ನೋ ಪ್ರಶ್ನೆಯಲ್ಲಿ ಲೆಕ್ಕ ಹೇಗೋ ಬರುತ್ತೆ. ಆದ್ರೆ ವ್ಯತ್ಯಾಸಕ್ಕೆ ಕಾರಣ ಬರೀರಿ ಅಂದ್ರೆ "ಎಬಿಸಿ ಹೆಚ್ಚು ನಿಖರ" ಅಂತ ಬರೆದು ಸುಮ್ನಾಗ್ತೀನಿ. ಒಟ್ಟು ಓವರ್‌ಹೆಡ್ ಅದೇ ಇರುವಾಗ ಒಂದು ವಸ್ತುವಿನ ಕಾಸ್ಟ್ ಸ್ವಲ್ಪ ಇಳಿದು ಇನ್ನೊಂದರದ್ದು ಅಷ್ಟೊಂದು ಏರೋದು ಯಾಕೆ? ನಷ್ಟ ತೋರಿಸಿದ ವಸ್ತುವನ್ನ ನಿಲ್ಲಿಸಬೇಕು ಅಂತ ಬರೆಯಬಹುದಾ?

ಉತ್ತರ:

ಅಂಕಿ ಇಲ್ಲದೆ ಇದನ್ನು ಮಾತಾಡಿದರೆ ಗಾಳಿಯಲ್ಲೇ ಉಳಿಯುತ್ತೆ. ಹಾಗಾಗಿ ಒಂದು ಲೆಕ್ಕ ಕಟ್ಟೋಣ. ಪೀಣ್ಯದ ಕಡೆ ಇರುವಂಥ ಒಂದು ಸಣ್ಣ ಮಷಿನ್ ಶಾಪ್ ಅಂದುಕೊಳ್ಳಿ. ಅಂಕಿಗಳು ನಾನೇ ಹಾಕಿದ್ದು, ತಲೆಯಲ್ಲೇ ಭಾಗಿಸೋಕೆ ಆಗಲಿ ಅಂತ. ಅಲ್ಲಿ ಮಾಡೋದು ಎರಡೇ ವಸ್ತು. ಒಂದು ಮಾಮೂಲಿ ಬುಷ್, ವರ್ಷಕ್ಕೆ 8,000. ಇನ್ನೊಂದು ಗಿರಾಕಿ ಕೊಟ್ಟ ಡ್ರಾಯಿಂಗ್ ನೋಡಿ ಮಾಡಿಕೊಡುವ ಸ್ಪೆಷಲ್ ಶಾಫ್ಟ್, ವರ್ಷಕ್ಕೆ 1,000.

ಬುಷ್ ಒಂದಕ್ಕೆ ಮೆಟೀರಿಯಲ್ ₹150, ಕೂಲಿ ₹50, ಮಷಿನ್ ಸಮಯ 1 ಗಂಟೆ. ಶಾಫ್ಟ್ ಒಂದಕ್ಕೆ ಮೆಟೀರಿಯಲ್ ₹260, ಕೂಲಿ ₹100, ಮಷಿನ್ ಸಮಯ 2 ಗಂಟೆ. ಮಾರುವ ಬೆಲೆ ಬುಷ್‌ಗೆ ₹400, ಶಾಫ್ಟ್‌ಗೆ ₹750. ವರ್ಷದ ಒಟ್ಟು ಓವರ್‌ಹೆಡ್, ಅಂದರೆ ಇಂಥ ಪೀಸ್‌ಗೇ ಅಂತ ನೇರವಾಗಿ ಹಾಕೋಕೆ ಆಗದ ಖರ್ಚು, ₹12,00,000.

ಹಳೇ ಪದ್ಧತಿಯಲ್ಲಿ ಇಡೀ ಓವರ್‌ಹೆಡ್ಡನ್ನು ಮಷಿನ್ ಗಂಟೆಯ ಮೇಲೆ ಹಂಚೋದು, ಎರಡು ನಿಮಿಷದ ಕೆಲಸ. ಬುಷ್‌ಗೆ 8,000 ಗಂಟೆ, ಶಾಫ್ಟ್‌ಗೆ 2,000 ಗಂಟೆ, ಒಟ್ಟು 10,000 ಮಷಿನ್ ಗಂಟೆ. 12 ಲಕ್ಷವನ್ನು ಅದರಿಂದ ಭಾಗಿಸಿದರೆ ಗಂಟೆಗೆ ₹120. ಅಂದರೆ ಬುಷ್ ಒಂದಕ್ಕೆ ₹120 ಓವರ್‌ಹೆಡ್, ಶಾಫ್ಟ್ ಒಂದಕ್ಕೆ ₹240. ಮೆಟೀರಿಯಲ್, ಕೂಲಿ ಸೇರಿಸಿದರೆ ಬುಷ್‌ನ ಕಾಸ್ಟ್ ₹320, ಶಾಫ್ಟ್‌ದು ₹600. ಎರಡರ ಮೇಲೂ ಕಾಲು ಭಾಗ ಲಾಭ ಇಟ್ಟು ₹400 ಮತ್ತು ₹750ಕ್ಕೆ ಮಾರುತ್ತಿದ್ದಾರೆ. ನೋಡೋಕೆ ಎಲ್ಲಾ ಚೆನ್ನಾಗಿದೆ, ಅಲ್ವಾ?

ಈಗ ಆ ಶಾಪ್ ಒಳಗೆ ಹೋಗಿ ನೋಡೋಣ. ಸಿಎನ್‌ಸಿ ಮಷಿನ್ ಮೇಲೆ ಬುಷ್ ಓಡುತ್ತಿದೆ. ಸೆಟ್ಟರ್ ಒಮ್ಮೆ ಸೆಟ್ ಮಾಡಿ ಹೋದರೆ ಆಮೇಲೆ ಆಪರೇಟರ್ ಒಬ್ಬನೇ ಬಾರ್ ಹಾಕುತ್ತಾ, ಪೀಸ್ ತೆಗೆಯುತ್ತಾ 400 ಬುಷ್ ಮುಗಿಸುತ್ತಾನೆ. ಶಾಫ್ಟ್ ಆರ್ಡರ್ ಬಂತು ಅನ್ನಿ. ಮಷಿನ್ ನಿಲ್ಲಿಸಬೇಕು. ಚಕ್‌ನ ಜಾ ಬಿಚ್ಚಿ ಬೇರೆ ಹಾಕಬೇಕು, ಟೂಲ್ ಬದಲಿಸಬೇಕು, ಪ್ರೋಗ್ರಾಂ ಹಾಕಿ ಆಫ್‌ಸೆಟ್ ಕೊಡಬೇಕು. ಮೊದಲ ಪೀಸ್ ತೆಗೆದು ಮೈಕ್ರೋಮೀಟರ್‌ನಲ್ಲಿ ಅಳೆದು, ಸರಿ ಇಲ್ಲದಿದ್ದರೆ ಆಫ್‌ಸೆಟ್ ಮತ್ತೆ ತಿದ್ದಿ, ಕ್ವಾಲಿಟಿಯವರು ಒಪ್ಪಿ ಸಹಿ ಹಾಕಿದ ಮೇಲಷ್ಟೇ ಓಡಿಸೋಕೆ ಬಿಡುತ್ತಾರೆ. ಇಷ್ಟೆಲ್ಲಾ ಮಾಡಿ ಓಡಿಸೋದು ಎಷ್ಟು? 25 ಶಾಫ್ಟ್. ಮುಗಿಯಿತು, ಮತ್ತೆ ಬಿಚ್ಚು.

ಸೆಟ್ಟರ್‌ನ ಸಂಬಳ, ಹಾಳಾದ ಮೊದಲ ಪೀಸ್‌ಗಳು, ಮಷಿನ್ ಸುಮ್ನೆ ನಿಂತ ಸಮಯ, ಇದೆಲ್ಲಾ ಆ 12 ಲಕ್ಷದೊಳಗೇ ಇದೆ. ಗಂಟೆಗೆ ₹120 ಅನ್ನೋ ದರಕ್ಕೆ ಇದು ಯಾವುದೂ ಕಾಣೋದಿಲ್ಲ. ಪೀಸ್ ಕಟಿಂಗ್ ಆಗುವಾಗ ಮಷಿನ್ ಎಷ್ಟು ಗಂಟೆ ಓಡಿತು ಅನ್ನೋದಷ್ಟೇ ಅದಕ್ಕೆ ಗೊತ್ತು.

ಎಬಿಸಿ ಮಾಡೋದು ಇಷ್ಟೇ. 12 ಲಕ್ಷವನ್ನು ಒಂದೇ ಗಂಟು ಅಂತ ನೋಡದೆ, ಯಾವ ಕೆಲಸಕ್ಕೆ ಎಷ್ಟು ಖರ್ಚಾಯಿತು ಅಂತ ಬಿಡಿಸುತ್ತೆ. ಆಮೇಲೆ ಆ ಕೆಲಸ ಎಷ್ಟು ಸಲ ಆಯಿತು ಅಂತ ಎಣಿಸಿ, ಒಂದು ಸಲಕ್ಕೆ ಎಷ್ಟು ಅಂತ ದರ ಕಟ್ಟುತ್ತೆ. ಆ ಎಣಿಕೆಯೇ ಕಾಸ್ಟ್ ಡ್ರೈವರ್, ಒಂದು ಸಲದ ದರವೇ ಕಾಸ್ಟ್ ಡ್ರೈವರ್ ರೇಟ್. ನಮ್ಮ ಶಾಪ್‌ನಲ್ಲಿ ಬಿಡಿಸಿದಾಗ ಹೀಗೆ ಬಂತು:

| ಕೆಲಸ | ಖರ್ಚು | ಡ್ರೈವರ್ | ಬುಷ್ | ಶಾಫ್ಟ್ | ಒಟ್ಟು | ದರ |
|---|---|---|---|---|---|---|
| ಮಷಿನ್ ಓಡಿಸೋದು | ₹4,00,000 | ಮಷಿನ್ ಗಂಟೆ | 8,000 | 2,000 | 10,000 | ₹40 |
| ಸೆಟಪ್ | ₹3,60,000 | ಸೆಟಪ್ ಸಂಖ್ಯೆ | 20 | 40 | 60 | ₹6,000 |
| ಮಾಲು ತರಿಸೋದು | ₹1,60,000 | ಪರ್ಚೇಸ್ ಆರ್ಡರ್ | 30 | 50 | 80 | ₹2,000 |
| ಇನ್‌ಸ್ಪೆಕ್ಷನ್ | ₹2,80,000 | ಇನ್‌ಸ್ಪೆಕ್ಷನ್ ಸಂಖ್ಯೆ | 80 | 120 | 200 | ₹1,400 |

ಪರೀಕ್ಷೆಯಲ್ಲಿ ಈ ಟೇಬಲ್ ರೆಡಿಯಾಗಿ ಕೈಗೆ ಸಿಗೋದು ಕಡಿಮೆ. ಸೆಟಪ್ 20 ಮತ್ತು 40 ಅಂತ ಕೊಡೋ ಬದಲು "ಬುಷ್‌ನ ಬ್ಯಾಚ್ 400, ಶಾಫ್ಟ್‌ನ ಬ್ಯಾಚ್ 25, ಪ್ರತಿ ಬ್ಯಾಚ್‌ಗೆ ಒಂದು ಸೆಟಪ್" ಅಂತ ಕೊಡುತ್ತಾರೆ. ನೀವೇ 8,000ವನ್ನು 400ರಿಂದ, 1,000ವನ್ನು 25ರಿಂದ ಭಾಗಿಸಿ 20 ಮತ್ತು 40 ತೆಗೆಯಬೇಕು. ಇನ್‌ಸ್ಪೆಕ್ಷನ್ ಇನ್ನೂ ಒಂದು ಹೆಜ್ಜೆ ಆಚೆ ಇರುತ್ತೆ. ಬುಷ್‌ನ ಪ್ರತಿ ಬ್ಯಾಚ್‌ಗೆ 4 ಸಲ ಅಂದರೆ 80, ಶಾಫ್ಟ್‌ನ ಪ್ರತಿ ಬ್ಯಾಚ್‌ಗೆ 3 ಸಲ ಅಂದರೆ 120. ಇಲ್ಲಿ ತುಂಬಾ ಜನ 4 ಮತ್ತು 3 ಅನ್ನೇ ನೇರ ಕೂಡಿಸಿ 7ರಿಂದ ಭಾಗಿಸುತ್ತಾರೆ. ಆಗ ಒಂದು ಇನ್‌ಸ್ಪೆಕ್ಷನ್‌ಗೆ ₹40,000 ಅಂತ ಬರುತ್ತೆ. ಸಣ್ಣ ಶಾಪ್‌ನಲ್ಲಿ ಒಂದು ಸಲ ಅಳೆಯೋಕೆ ₹40,000 ಆಗುತ್ತಾ ಅಂತ ಒಂದು ಕ್ಷಣ ಯೋಚಿಸಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ. ದರ ಬಂದ ಕೂಡಲೇ ಅದರ ಪಕ್ಕದಲ್ಲಿ "ಒಂದು ಸೆಟಪ್‌ಗೆ", "ಒಂದು ಆರ್ಡರ್‌ಗೆ" ಅಂತ ಬರೆದಿಡಿ. ಬರೀ 6,000 ಅಂತ ಬಿಟ್ಟರೆ ಮುಂದಿನ ಪುಟದಲ್ಲಿ ಅದನ್ನು ಏನಕ್ಕೆ ಗುಣಿಸಬೇಕು ಅನ್ನೋದೇ ಮರೆತುಹೋಗುತ್ತೆ.

ದರ ಸಿಕ್ಕ ಮೇಲೆ ಗುಣಿಸೋದಷ್ಟೇ.

| | ಬುಷ್ | ಶಾಫ್ಟ್ |
|---|---|---|
| ಮಷಿನ್ | ₹3,20,000 | ₹80,000 |
| ಸೆಟಪ್ | ₹1,20,000 | ₹2,40,000 |
| ಮಾಲು ತರಿಸೋದು | ₹60,000 | ₹1,00,000 |
| ಇನ್‌ಸ್ಪೆಕ್ಷನ್ | ₹1,12,000 | ₹1,68,000 |
| ಒಟ್ಟು | ₹6,12,000 | ₹5,88,000 |
| ಪೀಸ್ ಒಂದಕ್ಕೆ | ₹76.50 | ₹588 |

6,12,000 ಮತ್ತು 5,88,000 ಕೂಡಿಸಿದರೆ 12,00,000 ಬರಬೇಕು. ಬಂದಿದೆ. ಈ ಕೂಡಿಕೆ ಮಾಡದೆ ಮುಂದೆ ಹೋಗಬೇಡಿ. ಮೆಟೀರಿಯಲ್, ಕೂಲಿ ಸೇರಿಸಿದರೆ ಬುಷ್‌ನ ಕಾಸ್ಟ್ ₹276.50, ಶಾಫ್ಟ್‌ದು ₹948. ಶಾಫ್ಟ್ ಮಾರುತ್ತಿರೋದು ₹750ಕ್ಕೆ. ಪೀಸ್‌ಗೆ ₹150 ಲಾಭ ಅಂದುಕೊಂಡಿದ್ದ ಕಡೆ ₹198 ನಷ್ಟ. ಬುಷ್‌ನ ಲಾಭ ₹80 ಅಂದುಕೊಂಡಿದ್ದು ₹123.50 ಆಯಿತು.

ಇಲ್ಲಿಯವರೆಗೆ ನಿಮಗೂ ಬರುತ್ತೆ ಅಂದಿರಿ. ಈಗ ಆ "ಕಾರಣ ಬರೀರಿ" ಭಾಗಕ್ಕೆ ಬರೋಣ.

ಹಳೇ ಪದ್ಧತಿಯಲ್ಲಿ ಬುಷ್ ಹೊತ್ತ ಓವರ್‌ಹೆಡ್ ₹9,60,000. ಎಬಿಸಿಯಲ್ಲಿ ₹6,12,000. ಅಂದರೆ ₹3,48,000 ಬುಷ್ ತಲೆಯಿಂದ ಇಳಿದು ಶಾಫ್ಟ್ ತಲೆಗೆ ಹೋಗಿದೆ. ಶಾಫ್ಟ್ ಕಡೆಯಿಂದ ನೋಡಿದರೂ ಅದೇ, 2,40,000 ಇದ್ದದ್ದು 5,88,000 ಆಗಿದೆ. ದುಡ್ಡು ಹೊಸದಾಗಿ ಎಲ್ಲಿಂದಲೂ ಬಂದಿಲ್ಲ. ಈ ಮೊತ್ತವನ್ನು 8,000 ಬುಷ್ ಮೇಲೆ ಹಂಚಿದರೆ ತಲಾ ₹43.50 ಇಳಿಯುತ್ತೆ, 1,000 ಶಾಫ್ಟ್ ಮೇಲೆ ಹಂಚಿದರೆ ತಲಾ ₹348 ಏರುತ್ತೆ. ಒಂದು ಸ್ವಲ್ಪ ಇಳಿದು ಇನ್ನೊಂದು ಜಾಸ್ತಿ ಏರೋದು ಇದಕ್ಕೇ. ಜಾಸ್ತಿ ಸಂಖ್ಯೆಯ ವಸ್ತು ಪೀಸ್‌ಗೆ ಚೂರುಪಾರು ಕೊಟ್ಟು ಕಡಿಮೆ ಸಂಖ್ಯೆಯದ್ದನ್ನು ಸಾಕುತ್ತಿರುತ್ತೆ. ಕೊಡೋನಿಗೆ ಹೆಚ್ಚು ಗೊತ್ತಾಗಲ್ಲ, ತಗೊಳ್ಳೋನಿಗೆ ಅದೇ ದೊಡ್ಡದು.

ಆದರೆ ₹3,48,000ವೇ ಯಾಕೆ? ಇದನ್ನು ಬಿಡಿಸಿ ತೋರಿಸಿದವರ ಉತ್ತರ ಉಳಿದವರದ್ದಕ್ಕಿಂತ ಬೇರೆಯಾಗಿ ನಿಲ್ಲುತ್ತೆ. ಪ್ರತಿ ಡ್ರೈವರ್‌ನಲ್ಲಿ ಬುಷ್‌ನ ಪಾಲು ಎಷ್ಟು ಅಂತ ನೋಡಿ. ಮಷಿನ್ ಗಂಟೆಯಲ್ಲಿ ನೂರಕ್ಕೆ 80. ಸೆಟಪ್‌ನಲ್ಲಿ 60ಕ್ಕೆ 20, ಅಂದರೆ ಮೂರರಲ್ಲಿ ಒಂದು. ಆರ್ಡರ್‌ನಲ್ಲಿ ನೂರಕ್ಕೆ 37.5. ಇನ್‌ಸ್ಪೆಕ್ಷನ್‌ನಲ್ಲಿ ನೂರಕ್ಕೆ 40. ಹಳೇ ಪದ್ಧತಿ ಏನು ಮಾಡಿತು? ನಾಲ್ಕೂ ಖರ್ಚಿಗೆ ಒಂದೇ 80ರ ಪಾಲು ಹಾಕಿತು. ಸೆಟಪ್‌ನ ₹3,60,000ದಲ್ಲಿ ಬುಷ್‌ಗೆ 80 ಪಾಲು ಅಂತ ₹2,88,000 ಹೊರಿಸಿತು, ಅದು ನಿಜವಾಗಿ ಬಳಸಿದ್ದು ₹1,20,000ದಷ್ಟು. ಅಲ್ಲೇ ₹1,68,000 ಜಾಸ್ತಿ. ಮಾಲು ತರಿಸೋದರಲ್ಲಿ ₹1,28,000 ಹೊರಿಸಿತು, ಬಳಸಿದ್ದು ₹60,000, ಜಾಸ್ತಿ ₹68,000. ಇನ್‌ಸ್ಪೆಕ್ಷನ್‌ನಲ್ಲಿ ₹2,24,000 ಹೊರಿಸಿತು, ಬಳಸಿದ್ದು ₹1,12,000, ಜಾಸ್ತಿ ₹1,12,000. ಮೂರನ್ನೂ ಕೂಡಿಸಿ. ₹3,48,000 ಸರಿಯಾಗಿ ಕೂತಿತು.

ಮಷಿನ್ ಓಡಿಸುವ ಖರ್ಚಿನಿಂದ ಬಂದ ವ್ಯತ್ಯಾಸ ಎಷ್ಟು? ಸೊನ್ನೆ. ನಾಲ್ಕರಲ್ಲಿ ಅದೇ ದೊಡ್ಡ ಮೊತ್ತ, ಆದರೂ ಸೊನ್ನೆ. ಯಾಕಂದ್ರೆ ಹಳೇ ಪದ್ಧತಿಯ ಆಧಾರವೂ ಮಷಿನ್ ಗಂಟೆಯೇ, ಎಬಿಸಿಯ ಡ್ರೈವರ್ ಕೂಡ ಅದೇ. ಎರಡು ಪದ್ಧತಿಗೂ ಉತ್ತರ ಬೇರೆ ಬರಬೇಕಾದರೆ ಡ್ರೈವರ್‌ನ ಪಾಲು ಹಳೇ ಆಧಾರದ ಪಾಲಿಗಿಂತ ಬೇರೆ ಇರಬೇಕು, ಜೊತೆಗೆ ಆ ಖರ್ಚು ಗಣನೆಗೆ ಬರುವಷ್ಟು ದೊಡ್ಡದಿರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಇಷ್ಟೆಲ್ಲಾ ಎಣಿಸಿದ ಮೇಲೂ ಹೆಚ್ಚುಕಮ್ಮಿ ಹಳೇ ಉತ್ತರವೇ ಸಿಗುತ್ತೆ. ಶಾಫ್ಟನ್ನೂ ದೊಡ್ಡ ಬ್ಯಾಚ್‌ನಲ್ಲಿ ಮಾಡಿ, ಎಲ್ಲಾ ಡ್ರೈವರ್‌ನಲ್ಲೂ ಅದರ ಪಾಲು ನೂರಕ್ಕೆ 20ರ ಹತ್ತಿರ ಬಂದಿದ್ದರೆ ಎಬಿಸಿಯಿಂದ ಏನೂ ಬದಲಾಗುತ್ತಿರಲಿಲ್ಲ. ಹಾಗಾಗಿ "ಎಬಿಸಿ ಹೆಚ್ಚು ನಿಖರ" ಅನ್ನೋ ಸಾಲು ನನಗೆ ಯಾವತ್ತೂ ಹಿಡಿಸಿಲ್ಲ. ಎಲ್ಲಿ, ಎಷ್ಟು, ಯಾವ ಖರ್ಚಿನಲ್ಲಿ ಅಂತ ಹೇಳದಿದ್ದರೆ ಆ ಸಾಲಿಗೆ ಅರ್ಥವೇ ಇಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಷಿನ್ ಗಂಟೆ ಬಿಟ್ಟು ಕೂಲಿ ಆಧಾರ ಹಿಡಿದರೆ ಸರಿಹೋಗಲ್ವಾ ಅಂತ ಕೆಲವರು ಕೇಳುತ್ತಾರೆ. ನಮ್ಮ ಲೆಕ್ಕದಲ್ಲೇ ನೋಡಿ, ಬುಷ್‌ನ ಒಟ್ಟು ಕೂಲಿ ₹4,00,000, ಶಾಫ್ಟ್‌ದು ₹1,00,000. ಮತ್ತದೇ 80ಕ್ಕೆ 20. ಪೀಸ್ ಜಾಸ್ತಿಯಾದರೆ ಮಷಿನ್ ಗಂಟೆಯೂ ಜಾಸ್ತಿ, ಕೂಲಿಯೂ ಜಾಸ್ತಿ. ಎರಡೂ ಪೀಸ್ ಎಣಿಕೆಯ ಹಿಂದೆಯೇ ಓಡುವಂಥವು. ಸೆಟಪ್ ಹಾಗಲ್ಲ. ಬ್ಯಾಚ್‌ನಲ್ಲಿ 25 ಇದ್ದರೂ 400 ಇದ್ದರೂ ಸೆಟಪ್ ಒಂದೇ. ಒಂದು ಸೆಟಪ್‌ನ ₹6,000ವನ್ನು 400 ಬುಷ್ ಹಂಚಿಕೊಂಡರೆ ತಲಾ ₹15, ಅದೇ ₹6,000ವನ್ನು 25 ಶಾಫ್ಟ್ ಹಂಚಿಕೊಂಡರೆ ತಲಾ ₹240. ನಮ್ಮ ಲೆಕ್ಕದ ಜೀವ ಇರೋದು ಈ 15 ಮತ್ತು 240ರಲ್ಲೇ. ಪೀಸ್ ಲೆಕ್ಕದ ಖರ್ಚು, ಬ್ಯಾಚ್ ಲೆಕ್ಕದ ಖರ್ಚು ಅಂತ ಪಠ್ಯದಲ್ಲಿ ವಿಂಗಡಿಸಿ ಹೇಳೋದು ಇದನ್ನೇ.

ಅಲ್ಲೇ ಮೂರನೇ, ನಾಲ್ಕನೇ ಹಂತವೂ ಇರುತ್ತೆ. ಶಾಫ್ಟ್‌ನ ಡ್ರಾಯಿಂಗ್, ಪ್ರೋಗ್ರಾಂ ಬರೆಯೋ ಖರ್ಚು ಆ ವಸ್ತುವಿಗಷ್ಟೇ ಸೇರಿದ್ದು, ಎಷ್ಟೇ ಬ್ಯಾಚ್ ಓಡಿಸಿದರೂ ಒಂದೇ. ಶೆಡ್ ಬಾಡಿಗೆ, ವಾಚ್‌ಮನ್ ಸಂಬಳ ಇಡೀ ಕಾರ್ಖಾನೆಗೆ ಸೇರಿದ್ದು. ಬಾಡಿಗೆಗೆ ಡ್ರೈವರ್ ಹುಡುಕೋಕೆ ಹೋಗಬೇಡಿ, ಸಿಗೋದಿಲ್ಲ. ಶಾಫ್ಟ್ ಮಾಡೋದು ಬಿಟ್ಟರೂ ಬಾಡಿಗೆ ಅಷ್ಟೇ. ಪ್ರಶ್ನೆಯಲ್ಲಿ ಅದನ್ನು ಹಂಚು ಅಂತ ಹೇಳಿದ್ದರೆ ಹೇಳಿದ ಆಧಾರದಲ್ಲಿ ಹಂಚಿ, ಜೊತೆಗೆ ಅದು ಎಬಿಸಿಯಲ್ಲೂ ಅಂದಾಜಿನ ಹಂಚಿಕೆಯೇ ಅಂತ ಒಂದು ಸಾಲು ಬರೆಯಿರಿ.

ತಪ್ಪು ಎಲ್ಲಿ ಆಗುತ್ತೆ ಅಂತ ಕೇಳಿದರೆ, ನಾನು ನೋಡಿದ ಉತ್ತರಪತ್ರಿಕೆಗಳಲ್ಲಿ ಜಾಸ್ತಿ ಕಾಣೋದು ಎರಡು. ಮೊದಲನೆಯದು, ಸೆಟಪ್‌ನ ₹3,60,000ವನ್ನು ಒಟ್ಟು 9,000 ಪೀಸ್‌ನಿಂದ ಭಾಗಿಸಿ ಎರಡಕ್ಕೂ ತಲಾ ₹40 ಹಾಕೋದು. ಮೇಲೆ ಎಬಿಸಿ ಅಂತ ಹೆಡಿಂಗ್ ಇರುತ್ತೆ, ಒಳಗೆ ಇರೋದು ಹಳೇ ಪದ್ಧತಿಗಿಂತ ಕೆಟ್ಟದ್ದು, ಯಾಕಂದ್ರೆ ಈಗ ಗಂಟೆಯ ವ್ಯತ್ಯಾಸವೂ ಕಾಣೆಯಾಯಿತು. ಇದರ ಕಷ್ಟ ಏನಂದ್ರೆ ಒಟ್ಟು ಮೊತ್ತ 12 ಲಕ್ಷಕ್ಕೇ ಸರಿಯಾಗಿ ಕೂಡುತ್ತೆ, ಹಾಗಾಗಿ ಕೂಡಿಕೆಯಲ್ಲಿ ಸಿಗೋದಿಲ್ಲ. ಪೀಸ್‌ಗೆ ಬಂದ ಸೆಟಪ್ ಖರ್ಚು ಎರಡಕ್ಕೂ ಒಂದೇ ಬಂತು ಅಂದರೆ ಅಲ್ಲಿ ಅನುಮಾನ ಪಡಬೇಕು. ಬ್ಯಾಚ್ ಸೈಜ್ ಬೇರೆ ಇರುವಾಗ ಅದು ಒಂದೇ ಬರೋಕೆ ಸಾಧ್ಯವೇ ಇಲ್ಲ. ಎರಡನೆಯದು, ₹6,000 ದರವನ್ನು ನೇರವಾಗಿ ಪೀಸ್ ಕಾಸ್ಟ್‌ಗೆ ಸೇರಿಸಿಬಿಡೋದು. ಅದು ಸುಲಭವಾಗಿ ಸಿಕ್ಕಿಬೀಳುತ್ತೆ, ₹750ಕ್ಕೆ ಮಾರೋ ಶಾಫ್ಟ್‌ನ ಕಾಸ್ಟ್ ₹6,000 ದಾಟಿರುತ್ತೆ.

ಒಟ್ಟು ಲಾಭವನ್ನೂ ಒಮ್ಮೆ ನೋಡಿ. ಹಳೇ ಪದ್ಧತಿಯಲ್ಲಿ ಬುಷ್‌ನಿಂದ ₹6,40,000, ಶಾಫ್ಟ್‌ನಿಂದ ₹1,50,000, ಒಟ್ಟು ₹7,90,000. ಎಬಿಸಿಯಲ್ಲಿ ಬುಷ್‌ನಿಂದ ₹9,88,000, ಶಾಫ್ಟ್‌ನಿಂದ ₹1,98,000 ನಷ್ಟ, ಒಟ್ಟು ಮತ್ತೆ ₹7,90,000. ಆದರೆ "ಎರಡರಲ್ಲೂ ಲಾಭ ಒಂದೇ ಬರುತ್ತೆ" ಅಂತ ನಿಯಮ ಮಾಡಿಕೊಳ್ಳಬೇಡಿ. ಮಾಡಿದ್ದೆಲ್ಲಾ ಮಾರಾಟ ಆಗಿದ್ದರಿಂದ ಹಾಗೆ ಬಂತು. ವರ್ಷದ ಕೊನೆಗೆ 100 ಶಾಫ್ಟ್ ಸ್ಟಾಕ್‌ನಲ್ಲಿ ಉಳಿದಿದ್ದರೆ ಹಳೇ ಪದ್ಧತಿಯಲ್ಲಿ ಅದರ ಬೆಲೆ ₹60,000, ಎಬಿಸಿಯಲ್ಲಿ ₹94,800. ಆ ವರ್ಷದ ಲಾಭ ಎಬಿಸಿಯಲ್ಲಿ ₹34,800 ಜಾಸ್ತಿ ಕಾಣುತ್ತೆ. ಪ್ರಶ್ನೆಯಲ್ಲಿ ಉತ್ಪಾದನೆ ಮತ್ತು ಮಾರಾಟದ ಸಂಖ್ಯೆ ಬೇರೆ ಬೇರೆ ಕೊಟ್ಟಿದ್ದರೆ ಅದು ಇದಕ್ಕೇ. ಆಗ ದರ ಕಟ್ಟೋದು ಉತ್ಪಾದನೆಯ ಮೇಲೆ, ಲಾಭ ತೆಗೆಯೋದು ಮಾರಾಟದ ಮೇಲೆ.

ಇದು ಪರೀಕ್ಷೆಗೆ ಅಂತ ಹುಟ್ಟಿದ ಕಸರತ್ತಲ್ಲ. 1980ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದ ವಾಟರ್‌ಲೂನಲ್ಲಿ ಜಾನ್ ಡಿಯರ್ ಕಂಪನಿಯ ಬಿಡಿಭಾಗ ಕಾರ್ಖಾನೆಯಲ್ಲಿ ಇದೇ ಆಯಿತು. ಟ್ರ್ಯಾಕ್ಟರ್ ಬೇಡಿಕೆ ಕುಸಿದಿತ್ತು. ತಮ್ಮದೇ ಕಂಪನಿಯ ಬೇರೆ ವಿಭಾಗಗಳಿಗೆ ಬೇಕಾದ ಟರ್ನಿಂಗ್ ಬಿಡಿಭಾಗಗಳಿಗೂ ಹೊರಗಿನ ಸಪ್ಲೈಯರ್‌ಗಳ ಜೊತೆ ಪೈಪೋಟಿಯಲ್ಲಿ ರೇಟ್ ಕೊಡಬೇಕಾಯಿತು. ಅವರಿಗೆ ಸಿಕ್ಕ ಆರ್ಡರ್‌ಗಳಲ್ಲಿ ಜಾಸ್ತಿ ಕಡಿಮೆ ಸಂಖ್ಯೆಯವು. ಸಾವಿರಗಟ್ಟಲೆ ಓಡಿಸಬಹುದಾದ, ಅವರ ಮಷಿನ್‌ಗಳಿಗೆ ಹೇಳಿ ಮಾಡಿಸಿದಂಥ ಭಾಗಗಳು ಹೊರಗಿನವರ ಪಾಲಾದವು. ನಮ್ಮ ಶಾಪ್‌ನ ಭಾಷೆಯಲ್ಲಿ ಹೇಳಿದರೆ, ಬುಷ್ ಆರ್ಡರ್ ಕೈತಪ್ಪುತ್ತೆ, ಶಾಫ್ಟ್ ಆರ್ಡರ್ ಬಂದು ಬೀಳುತ್ತೆ. ಬುಷ್‌ಗೆ ಹೊರಗಿನವನು ₹350 ಹೇಳಿದರೆ ₹320 ಕಾಸ್ಟ್ ನೋಡುತ್ತಿರೋ ನಮ್ಮವರು ಕಾಲು ಭಾಗ ಲಾಭ ಗಿಟ್ಟಲ್ಲ ಅಂತ ಕೈಬಿಡುತ್ತಾರೆ. ಶಾಫ್ಟ್‌ಗೆ ₹750 ಹೇಳಿದರೆ ಗಿರಾಕಿ ಚೌಕಾಸಿ ಮಾಡದೆ ಆರ್ಡರ್ ಕೊಡುತ್ತಾನೆ. ಕಷ್ಟದ ಮಾಲಿಗೆ ಯಾರೂ ಚೌಕಾಸಿ ಮಾಡುತ್ತಿಲ್ಲ ಅಂದರೆ ಕಾಸ್ಟ್ ಹಾಳೆ ತೆಗೆದು ನೋಡಬೇಕು ಅಂತ ಅರ್ಥ. ಜಾನ್ ಡಿಯರ್‌ನ ಈ ಅನುಭವವನ್ನು ಹಾರ್ವರ್ಡ್‌ನ ರಾಬರ್ಟ್ ಕಪ್ಲಾನ್ ಕೇಸ್ ಸ್ಟಡಿ ಆಗಿ ಬರೆದರು. ಅವರೂ ರಾಬಿನ್ ಕೂಪರ್ ಅವರೂ ಸೇರಿ ಎಬಿಸಿಗೆ ಈಗಿನ ರೂಪ ಕೊಟ್ಟರು.

ಈಗ ನಿಮ್ಮ ಕೊನೆಯ ಭಾಗ. ಶಾಫ್ಟ್ ನಿಲ್ಲಿಸಿ ಅಂತ ಬರೆಯಬಹುದಾ? ಅಷ್ಟಕ್ಕೇ ನಿಲ್ಲಿಸಿದರೆ ತಪ್ಪು.

ಶಾಫ್ಟ್ ನಿಲ್ಲಿಸಿದರೆ ಏನು ಹೋಗುತ್ತೆ? ಪೀಸ್‌ಗೆ ₹750 ಬರೋದು ನಿಲ್ಲುತ್ತೆ. ಮೆಟೀರಿಯಲ್, ಕೂಲಿಯ ₹360 ಉಳಿಯುತ್ತೆ. ಕೂಲಿಯೂ ಪೀಸ್ ಜೊತೆ ಹೋಗುತ್ತೆ ಅಂತ ಇಟ್ಟುಕೊಳ್ಳೋಣ, ಅದೂ ಎಲ್ಲಾ ಕಡೆ ನಿಜವಲ್ಲ. ಅಂದರೆ ಪೀಸ್‌ಗೆ ₹390, ವರ್ಷಕ್ಕೆ ₹3,90,000 ಕೈಬಿಟ್ಟು ಹೋಗುತ್ತೆ. ಶಾಫ್ಟ್ ತಲೆಗೆ ಎಬಿಸಿ ಹಾಕಿದ ಓವರ್‌ಹೆಡ್ ₹5,88,000. ಅದರಲ್ಲಿ ₹3,90,000ಕ್ಕಿಂತ ಜಾಸ್ತಿ ನಿಜವಾಗಿ ಖರ್ಚಾಗದೆ ಉಳಿದರೆ ಮಾತ್ರ ನಿಲ್ಲಿಸೋದು ಲಾಭ. ಕಡಿಮೆ ಉಳಿದರೆ ನಷ್ಟದ ವಸ್ತು ಅಂತ ಕಿತ್ತೆಸೆದು ಒಟ್ಟು ಲಾಭವನ್ನೇ ಇಳಿಸಿಕೊಂಡ ಹಾಗೆ. ಸೆಟಪ್ 60 ಇದ್ದದ್ದು 20 ಆದ ಕೂಡಲೇ ಸೆಟ್ಟರ್‌ನ ಸಂಬಳ ಮೂರರಲ್ಲಿ ಒಂದಾಗಿಬಿಡಲ್ಲ. ಅವನೊಬ್ಬನೇ ಸೆಟ್ಟರ್ ಆಗಿದ್ದರೆ ಅವನು ಇರಲೇಬೇಕು. ಪರ್ಚೇಸ್‌ನ ಗುಮಾಸ್ತನೂ ಅಷ್ಟೇ. ಹಾಳಾಗುವ ಮೊದಲ ಪೀಸ್, ಸವೆಯುವ ಟೂಲ್, ಹೊರಗಿನ ಲ್ಯಾಬ್‌ಗೆ ಕೊಡೋ ಟೆಸ್ಟಿಂಗ್ ಬಿಲ್ಲು, ಇವು ಮಾತ್ರ ತಕ್ಷಣ ಇಳಿಯುತ್ತವೆ. ಕಾಸ್ಟ್ ಡ್ರೈವರ್ ರೇಟ್‌ನೊಳಗೆ ಸಂಬಳ, ಸವಕಳಿ ಎಲ್ಲಾ ಕಲಸಿಕೊಂಡಿರುತ್ತೆ. ಅದು ಸಂಪನ್ಮೂಲ ಎಷ್ಟು ಬಳಕೆಯಾಯಿತು ಅಂತ ಹೇಳುತ್ತೆ. ಬಿಟ್ಟರೆ ಎಷ್ಟು ದುಡ್ಡು ಉಳಿಯುತ್ತೆ ಅಂತ ಹೇಳೋದಿಲ್ಲ.

ಅದಕ್ಕಿಂತ ಒಳ್ಳೆಯ ಸಲಹೆ ಈ ದರಗಳಲ್ಲೇ ಅಡಗಿದೆ. ಶಾಫ್ಟ್‌ನ ಬ್ಯಾಚ್ 25ರ ಬದಲು 50 ಮಾಡಿದರೆ? ಸೆಟಪ್ 40 ಇದ್ದದ್ದು 20, ಇನ್‌ಸ್ಪೆಕ್ಷನ್ 120 ಇದ್ದದ್ದು 60 ಆಗುತ್ತೆ. ದರದ ಲೆಕ್ಕದಲ್ಲಿ ಸೆಟಪ್‌ನಿಂದ ₹1,20,000, ಇನ್‌ಸ್ಪೆಕ್ಷನ್‌ನಿಂದ ₹84,000, ಒಟ್ಟು ₹2,04,000 ಇಳಿಯುತ್ತೆ. ಪೀಸ್‌ಗೆ ₹204. ಕಾಸ್ಟ್ ₹948ರಿಂದ ₹744ಕ್ಕೆ ಬರುತ್ತೆ, ಬೆಲೆ ₹750. ಮುಟ್ಟಲೇ ಬಾರದು ಅನ್ನಿಸಿದ್ದ ಶಾಫ್ಟ್, ಬೆಲೆ ಒಂದು ರೂಪಾಯಿ ಏರಿಸದೆ, ಖರ್ಚು ಗಿಟ್ಟಿಸುವ ಹಂತಕ್ಕೆ ಬಂತು. ಹಳೇ ಪದ್ಧತಿಯ ಹಾಳೆಯಲ್ಲಿ ಬ್ಯಾಚ್ 25 ಇದ್ದರೂ 50 ಇದ್ದರೂ ₹600 ಅಂತಲೇ ಇರುತ್ತಿತ್ತು. ಎಬಿಸಿಯ ನಿಜವಾದ ಉಪಯೋಗ ನನ್ನ ಪ್ರಕಾರ ಇಲ್ಲಿದೆ, ಕಾಸ್ಟ್ ಹೆಚ್ಚು ಸರಿಯಾಗಿ ಬಂತು ಅನ್ನೋದಕ್ಕಿಂತ ಯಾವ ಹಿಡಿಕೆ ತಿರುಗಿಸಬೇಕು ಅಂತ ಗೊತ್ತಾಗೋದರಲ್ಲಿ. ಬ್ಯಾಚ್ ದೊಡ್ಡದು ಮಾಡಿದರೆ ಮಾಲು ಗೋಡೌನ್‌ನಲ್ಲಿ ಜಾಸ್ತಿ ದಿನ ಕೂರುತ್ತೆ, ದುಡ್ಡು ಅದರಲ್ಲಿ ಸಿಕ್ಕಿಕೊಳ್ಳುತ್ತೆ ಅನ್ನೋದನ್ನೂ ಸೇರಿಸಿ ಬರೆಯಿರಿ. ಗಿರಾಕಿ ಒಂದೇ ಸಲ 50 ತಗೊಳ್ಳೋಕೆ ಒಪ್ಪಿದರೆ ಅದೂ ಇಲ್ಲ. ಒಪ್ಪದಿದ್ದರೆ, ಸಣ್ಣ ಆರ್ಡರ್‌ಗೆ ಬೇರೆಯಾಗಿ ಸೆಟಪ್ ಚಾರ್ಜ್ ಹಾಕೋದು ಎಷ್ಟೋ ಶಾಪ್‌ಗಳಲ್ಲಿ ಮೊದಲಿನಿಂದ ಇರುವ ರೂಢಿ. ಈಗ ಅದಕ್ಕೆ ಒಂದು ಅಂಕಿ ಸಿಕ್ಕಿತು, ಸೆಟಪ್‌ಗೆ ₹6,000.

ಇದರಲ್ಲೂ ಒಂದು ಬಲೆ ಇದೆ, ಮುಂದಿನ ವರ್ಷದ ದರ ಕಟ್ಟುವಾಗ ಸಿಕ್ಕಿಬೀಳುತ್ತಾರೆ. ಬ್ಯಾಚ್ ದೊಡ್ಡದಾಗಿ ಒಟ್ಟು ಸೆಟಪ್ 60ರಿಂದ 40ಕ್ಕೆ ಇಳಿಯಿತು. ಸೆಟಪ್ ವಿಭಾಗದ ಖರ್ಚು ಮಾತ್ರ ₹3,60,000ದಲ್ಲೇ ನಿಂತಿದೆ. 40ರಿಂದ ಭಾಗಿಸಿದರೆ ದರ ₹9,000. ಬುಷ್‌ನ 20 ಸೆಟಪ್‌ಗೆ ಹೋದ ವರ್ಷ ₹1,20,000 ಬಿದ್ದಿತ್ತು, ಈಗ ₹1,80,000 ಬೀಳುತ್ತೆ. ಬುಷ್ ಮಾಡೋದರಲ್ಲಿ ಒಂದು ಚೂರೂ ಬದಲಾಗಿಲ್ಲ, ಆದರೂ ಪೀಸ್‌ಗೆ ₹7.50 ಏರಿತು. ಇದು ತಪ್ಪು ಸಂದೇಶ. ದರ ಕಟ್ಟೋದು ಆ ವಿಭಾಗ ಎಷ್ಟು ಸೆಟಪ್ ಮಾಡಬಲ್ಲದು ಅನ್ನೋದರ ಮೇಲೆ ಇರಬೇಕು, ಈ ವರ್ಷ ಎಷ್ಟು ಮಾಡಿತು ಅನ್ನೋದರ ಮೇಲಲ್ಲ. 60 ಮಾಡಬಲ್ಲದು ಅಂದರೆ ದರ ₹6,000ವೇ ಇರಲಿ. ಉಳಿದ 20 ಸೆಟಪ್‌ನ ₹1,20,000ವನ್ನು ಯಾವ ವಸ್ತುವಿನ ತಲೆಗೂ ಹಾಕದೆ, ಬಳಕೆಯಾಗದ ಸಾಮರ್ಥ್ಯದ ಖರ್ಚು ಅಂತ ಬೇರೆ ಸಾಲಿನಲ್ಲಿ ತೋರಿಸಿ. ಆ ಸಾಲು ಕಣ್ಣಿಗೆ ಬಿದ್ದರೆ ಮಾಲೀಕ ಎರಡರಲ್ಲಿ ಒಂದು ಮಾಡುತ್ತಾನೆ, ಸೆಟ್ಟರ್‌ಗೆ ಬೇರೆ ಕೆಲಸ ಕೊಡುತ್ತಾನೆ ಇಲ್ಲಾ ಆ 20 ಸೆಟಪ್ ತುಂಬುವ ಹೊಸ ಆರ್ಡರ್ ಹುಡುಕುತ್ತಾನೆ.

ಪ್ರಶ್ನೆಯಲ್ಲಿ ಸಾಮರ್ಥ್ಯದ ಅಂಕಿ ಕೊಟ್ಟಿಲ್ಲ ಅಂದರೆ ಕೊಟ್ಟ ಸಂಖ್ಯೆಯಿಂದಲೇ ಭಾಗಿಸಿ, ಬೇರೆ ದಾರಿ ಇಲ್ಲ. ಕಾರಣ ಬರೆಯುವ ಜಾಗದಲ್ಲಿ ಇಷ್ಟು ಬಂದರೆ ಸಾಕು: ಎಷ್ಟು ಮೊತ್ತ ಯಾವ ವಸ್ತುವಿನಿಂದ ಯಾವುದಕ್ಕೆ ಹೋಯಿತು, ಅದು ಯಾವ ಯಾವ ಖರ್ಚಿನಲ್ಲಿ ಎಷ್ಟೆಷ್ಟು, ಅಲ್ಲಿ ಡ್ರೈವರ್‌ನ ಪಾಲು ಮತ್ತು ಹಳೇ ಆಧಾರದ ಪಾಲು ಎಷ್ಟು. ಆಮೇಲೆ ಬೆಲೆ ಮತ್ತು ಬ್ಯಾಚ್ ಬಗ್ಗೆ ಎರಡು ಸಾಲು. ನಿಲ್ಲಿಸೋ ವಿಷಯ ಬಂದರೆ ಆ ₹3,90,000ದ ಲೆಕ್ಕ ತೋರಿಸಿ.